ಸಾಮಾಜಿಕ ಬದಲಾವಣೆಯ ವಿಕಾಸವಾದಿ, ಚಕ್ರೀಯ ಮತ್ತು ಕ್ರಾಂತಿಕಾರಿ ಸಿದ್ಧಾಂತಗಳು: ವೈವಾ ಪ್ರಶ್ನೋತ್ತರ

ಎಂ.ಎ. ಸಮಾಜಶಾಸ್ತ್ರ, ಎರಡನೇ ಸೆಮಿಸ್ಟರ್. ಪತ್ರಿಕೆ: ಸಾಮಾಜಿಕ ಬದಲಾವಣೆ ಮತ್ತು ಅಭಿವೃದ್ಧಿ. ಮೌಖಿಕ ಪರೀಕ್ಷೆಗೆ 20 ಅಂಕ, ಒಬ್ಬೊಬ್ಬರಿಗೆ 10ರಿಂದ 12 ನಿಮಿಷ.

ಉತ್ತರಗಳನ್ನು ಬಾಯಿಯಲ್ಲಿ ಹೇಳುವಂತೆಯೇ ಬರೆದಿದ್ದೇವೆ. ಯಾವ ಸಿದ್ಧಾಂತದ ಬಗ್ಗೆ ಕೇಳಿದರೂ ಮೂರು ಸಂಗತಿ ಬಾಯಿಗೆ ಬರಬೇಕು: ಬದಲಾವಣೆ ಯಾವ ದಿಕ್ಕಿಗೆ, ಅದನ್ನು ತಳ್ಳುವುದು ಏನು, ಯಾವ ಸಾಕ್ಷ್ಯದ ಮುಂದೆ ಆ ಸಿದ್ಧಾಂತ ನಿಲ್ಲುವುದಿಲ್ಲ. ಹೆಚ್ಚಿನವರು ಮೊದಲನೆಯದನ್ನು ಹೇಳಿ ಸುಮ್ಮನಾಗುತ್ತಾರೆ. ಅಂಕ ಹೋಗುವುದು ಉಳಿದೆರಡರಲ್ಲಿ.

ಪ್ರ: ಮೂರೂ ಸಿದ್ಧಾಂತಗಳ ವ್ಯತ್ಯಾಸವನ್ನು ಒಂದು ನಿಮಿಷದಲ್ಲಿ ಹೇಳಿ.

ಉ: ವಿಕಾಸವಾದಿಗಳ ಪ್ರಕಾರ ಸಮಾಜ ಸರಳ ರೂಪದಿಂದ ಸಂಕೀರ್ಣ ರೂಪಕ್ಕೆ ಹಂತಹಂತವಾಗಿ ಸಾಗುತ್ತದೆ, ಒಳಗಿನ ವಿಭೇದೀಕರಣವೇ ಅದನ್ನು ತಳ್ಳುತ್ತದೆ. ಚಕ್ರೀಯ ಸಿದ್ಧಾಂತದಲ್ಲಿ ಏಳಿಗೆಯೂ ಅವನತಿಯೂ ಸುತ್ತಿ ಬರುತ್ತವೆ. ಏಳಿಗೆಗೆ ಕಾರಣವಾದ ಗುಣವೇ ಸವೆದು ಅವನತಿ ಬರುತ್ತದೆ. ಕ್ರಾಂತಿಕಾರಿ ಸಿದ್ಧಾಂತದಲ್ಲಿ ವ್ಯವಸ್ಥೆಯೊಳಗಿನ ವಿರೋಧಾಭಾಸ ಬೆಳೆದು, ಒಂದು ಘಟ್ಟದಲ್ಲಿ ಹಳೆಯ ರಚನೆಯನ್ನೇ ಒಡೆಯುತ್ತದೆ.

"ನೇರ ಗೆರೆ, ವೃತ್ತ, ಜಿಗಿತ" ಎಂದಷ್ಟೇ ಹೇಳಿದರೆ ಆಕಾರ ಹೇಳಿದಿರಿ, ಕಾರಣ ಹೇಳಲಿಲ್ಲ.

ಪ್ರ: ಕಾಮ್ಟ್‌ನ ಮೂರು ಹಂತಗಳ ನಿಯಮ ಯಾವುದರ ಬದಲಾವಣೆಯನ್ನು ಹೇಳುತ್ತದೆ?

ಉ: ಮೂಲತಃ ಚಿಂತನೆಯ ಬದಲಾವಣೆಯನ್ನು. ಧಾರ್ಮಿಕ, ತಾತ್ವಿಕ, ವೈಜ್ಞಾನಿಕ ಎಂಬ ಹಂತಗಳು ಜಗತ್ತನ್ನು ವಿವರಿಸುವ ಬಗೆಗಳು. ಧಾರ್ಮಿಕ ಹಂತದೊಳಗೆ ವಸ್ತುಪೂಜೆ, ಬಹುದೇವತಾವಾದ, ಏಕದೇವತಾವಾದ ಎಂಬ ಉಪಹಂತಗಳಿವೆ. ಸಮಾಜದ ಸಂಘಟನೆಯೂ ಜೊತೆಗೇ ಬದಲಾಗುತ್ತದೆ: ಧಾರ್ಮಿಕ ಹಂತದಲ್ಲಿ ಸೈನಿಕ ಪ್ರಾಬಲ್ಯ, ವೈಜ್ಞಾನಿಕ ಹಂತದಲ್ಲಿ ಕೈಗಾರಿಕೆ. ದೌರ್ಬಲ್ಯವೇನೆಂದರೆ, ಮೂರೂ ಬಗೆಯ ಚಿಂತನೆ ಒಂದೇ ಸಮಾಜದಲ್ಲಿ, ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ಇರಬಲ್ಲವು.

ಪ್ರ: ಸ್ಪೆನ್ಸರ್ ಡಾರ್ವಿನ್‌ನನ್ನು ಸಮಾಜಕ್ಕೆ ಅನ್ವಯಿಸಿದ ಎನ್ನುವುದು ಸರಿಯೇ?

ಉ: ಪೂರ್ತಿ ಸರಿಯಲ್ಲ. ಡಾರ್ವಿನ್‌ನ ಗ್ರಂಥ ಬಂದದ್ದು 1859ರಲ್ಲಿ. ಸ್ಪೆನ್ಸರ್ ಅದಕ್ಕೂ ಮೊದಲೇ ವಿಕಾಸದ ಬಗ್ಗೆ ಬರೆದಿದ್ದ. "ಸಮರ್ಥರ ಉಳಿವು" ಎಂಬ ಮಾತನ್ನು 1864ರಲ್ಲಿ ಬಳಕೆಗೆ ತಂದವನೂ ಸ್ಪೆನ್ಸರನೇ. ಏಕರೂಪತೆಯಿಂದ ಬಹುರೂಪತೆಗೆ, ಸೈನಿಕ ಸಮಾಜದಿಂದ ಕೈಗಾರಿಕಾ ಸಮಾಜಕ್ಕೆ ಎಂಬುದು ಅವನ ಸೂತ್ರ. ಆದರೆ ಯುದ್ಧದ ಒತ್ತಡ ಹೆಚ್ಚಿದರೆ ಕೈಗಾರಿಕಾ ಸಮಾಜ ಮತ್ತೆ ಸೈನಿಕ ರೂಪಕ್ಕೆ ಮರಳಬಹುದೆಂದೂ ಅವನು ಒಪ್ಪಿದ್ದ. ಈ ಕೊನೆಯ ಮಾತನ್ನು ಬಿಡಬೇಡಿ. ಸ್ಪೆನ್ಸರ್ ಹಿಂಚಲನೆಯನ್ನೇ ಒಪ್ಪಲಿಲ್ಲ ಎಂಬ ತಪ್ಪು ಉತ್ತರ ತುಂಬ ಸಾಮಾನ್ಯ.

ಪ್ರ: ಮಾರ್ಗನ್‌ನ ಹಂತಗಳು ಎಷ್ಟು? ಆ ವರ್ಗೀಕರಣ ಎಲ್ಲಿ ಮುರಿಯುತ್ತದೆ?

ಉ: ಮೂರು ಎನ್ನುವುದು ಅರ್ಧ ಉತ್ತರ. ಒಟ್ಟು ಏಳು. 1877ರ ಗ್ರಂಥದಲ್ಲಿ ವನ್ಯಾವಸ್ಥೆ, ಬರ್ಬರಾವಸ್ಥೆ, ನಾಗರಿಕತೆ ಎಂದು ವಿಂಗಡಿಸಿ, ಮೊದಲೆರಡನ್ನು ಕೆಳ, ಮಧ್ಯಮ, ಮೇಲು ಎಂದು ಒಡೆದಿದ್ದಾನೆ. ಒಂದು ಹಂತದಿಂದ ಮುಂದಿನದಕ್ಕೆ ದಾಟಿದ್ದಕ್ಕೆ ಗುರುತು ಒಂದೊಂದು ತಾಂತ್ರಿಕ ಸಾಧನೆ: ಬಿಲ್ಲುಬಾಣ ಬಂದರೆ ಮೇಲು ವನ್ಯಾವಸ್ಥೆ, ಮಡಕೆ ಬಂದರೆ ಬರ್ಬರಾವಸ್ಥೆಯ ಆರಂಭ, ಕಬ್ಬಿಣ ಕರಗಿಸಿದರೆ ಮೇಲು ಬರ್ಬರಾವಸ್ಥೆ, ಅಕ್ಷರ ಬರವಣಿಗೆಯಿಂದ ನಾಗರಿಕತೆ.

ಮುರಿಯುವುದೂ ಇಲ್ಲೇ. ರಾಜರೂ ಶ್ರೇಣೀಕೃತ ಸಮಾಜವೂ ಇದ್ದ ಹವಾಯಿಯ ಪಾಲಿನೇಷ್ಯನ್ನರು ಮಡಕೆ ಮಾಡುತ್ತಿರಲಿಲ್ಲ. ಹಾಗಾಗಿ ಅವರು ಮಧ್ಯಮ ವನ್ಯಾವಸ್ಥೆಗೆ ಇಳಿದುಬಿಟ್ಟರು. ಇಂಕಾ ಜನ ವಿಶಾಲ ಸಾಮ್ರಾಜ್ಯವನ್ನೇ ಆಳಿದರು. ಆದರೆ ಕಬ್ಬಿಣವಿಲ್ಲ, ಅಕ್ಷರವಿಲ್ಲ, ಲೆಕ್ಕಕ್ಕೆ ಗಂಟು ಹಾಕಿದ ದಾರಗಳು. ಅವರೂ ನಾಗರಿಕತೆಯ ಹೊಸ್ತಿಲು ದಾಟಲಿಲ್ಲ. ಒಂದು ಉಪಕರಣವನ್ನು ಇಡೀ ಸಮಾಜದ ಅಳತೆಗೋಲು ಮಾಡಿಕೊಂಡರೆ ಹೀಗಾಗುತ್ತದೆ.

*ಮರುಪ್ರಶ್ನೆ: ಈ ಟೀಕೆ ಮೊದಲು ಗಟ್ಟಿಯಾಗಿ ಮಾಡಿದವರು?* 1896ರಲ್ಲಿ ಫ್ರಾಂಜ್ ಬೋವಾಸ್. ಒಂದೇ ತೆರನ ಆಚರಣೆ ಬೇರೆ ಬೇರೆ ಕಡೆ ಬೇರೆ ಬೇರೆ ಕಾರಣದಿಂದ ಹುಟ್ಟಿರಬಹುದು, ಆದ್ದರಿಂದ ಹೋಲಿಕೆಯೊಂದರಿಂದಲೇ ಹಂತಗಳನ್ನು ಕಟ್ಟಲಾಗದು ಎಂಬುದು ಅವರ ವಾದ.

ಪ್ರ: ಡರ್ಖೈಮ್‌ನಲ್ಲಿ ಯಾಂತ್ರಿಕ ಐಕ್ಯತೆ ಸಾವಯವ ಐಕ್ಯತೆಯಾಗುವುದು ಏಕೆ?

ಉ: ಜನಸಂಖ್ಯೆ ಹೆಚ್ಚಿದ್ದರಿಂದ ಎಂದು ನಿಲ್ಲಿಸಬೇಡಿ. ಜನಸಂಖ್ಯೆಯ ಜೊತೆಗೆ ಜನರ ನಡುವಿನ ಒಡನಾಟದ ಸಾಂದ್ರತೆಯೂ ಹೆಚ್ಚಬೇಕು. ಅದನ್ನು ಅವನು ನೈತಿಕ ಸಾಂದ್ರತೆ ಎಂದ. ಆಗ ಒಂದೇ ಕಸುಬಿನವರ ನಡುವೆ ಪೈಪೋಟಿ ತೀವ್ರವಾಗಿ, ಬದುಕುಳಿಯಲು ಕಸುಬುಗಳು ಕವಲೊಡೆಯುತ್ತವೆ. ಕಾನೂನಿನಲ್ಲಿ ಇದು ಕಾಣುತ್ತದೆ: ದಂಡಿಸುವ ಕಾನೂನಿನ ಪಾಲು ಇಳಿದು, ನಷ್ಟ ಭರ್ತಿ ಮಾಡುವ ಕಾನೂನಿನ ಪಾಲು ಏರುತ್ತದೆ. ಗ್ರಂಥ 1893ರದು.

ಪ್ರ: ನವವಿಕಾಸವಾದ ಹಳೆಯದನ್ನು ಹೇಗೆ ತಿದ್ದಿತು?

ಉ: ಲೆಸ್ಲಿ ವೈಟ್ ಅಳತೆಯನ್ನು ಬದಲಿಸಿದರು: ತಲಾವಾರು ವರ್ಷಕ್ಕೆ ಬಳಕೆಯಾಗುವ ಶಕ್ತಿ ಮತ್ತು ಅದನ್ನು ಬಳಸುವ ತಂತ್ರದ ದಕ್ಷತೆ. ಜೂಲಿಯನ್ ಸ್ಟೀವರ್ಡ್ ದಾರಿಯನ್ನೇ ಬದಲಿಸಿದರು: ಎಲ್ಲರಿಗೂ ಒಂದೇ ಏಣಿಯಿಲ್ಲ, ಒಂದೇ ತೆರನ ಪರಿಸರದಲ್ಲಿ ಒಂದೇ ತೆರನ ಕ್ರಮ ಕಾಣಬಹುದು. ಇದು ಬಹುರೇಖೀಯ ವಿಕಾಸ. ಮೆಸೊಪೊಟೇಮಿಯ, ಈಜಿಪ್ಟ್, ಉತ್ತರ ಚೀನಾ, ಮೆಕ್ಸಿಕೊ ಭಾಗ, ಪೆರು ಇವುಗಳನ್ನು ಅವರು ಹೋಲಿಸಿದ್ದು ಹೀಗೆಯೇ.

ಪ್ರ: ಇಬ್ನ್ ಖಾಲ್ದೂನ್‌ನ ಚಕ್ರವನ್ನು ವಿವರಿಸಿ.

ಉ: 1377ರ ಮುಕದ್ದಿಮಾದಲ್ಲಿ ಕೇಂದ್ರ ಪರಿಕಲ್ಪನೆ 'ಅಸಬಿಯ್ಯಾ', ಅಂದರೆ ಗುಂಪಿನ ಒಗ್ಗಟ್ಟು. ಮರುಭೂಮಿಯ ಕಷ್ಟದ ಬದುಕಿನಲ್ಲಿ ಅದು ಗಟ್ಟಿಯಾಗಿರುತ್ತದೆ, ಅದರ ಬಲದಿಂದ ಅಲೆಮಾರಿಗಳು ನಗರವನ್ನು ಗೆಲ್ಲುತ್ತಾರೆ. ಗೆದ್ದ ಮೇಲೆ ಸುಖ ಬರುತ್ತದೆ, ರಾಜ ಬಂಧುಗಳನ್ನು ದೂರವಿಟ್ಟು ಕೂಲಿಯ ಸೈನಿಕರನ್ನು ನಂಬುತ್ತಾನೆ, ಖರ್ಚು ಏರಿ ತೆರಿಗೆ ಏರುತ್ತದೆ, ಉತ್ಪಾದನೆ ಕುಸಿಯುತ್ತದೆ. ಸುಮಾರು ಮೂರು ತಲೆಮಾರು, ತಲೆಮಾರಿಗೆ 40ರಂತೆ 120 ವರ್ಷ. ಆಮೇಲೆ ಹೊರಗಿನಿಂದ ಮತ್ತೊಂದು ಒಗ್ಗಟ್ಟಿನ ಗುಂಪು. ಕಾರಣದ ಕೊಂಡಿಗಳು ಇಷ್ಟು ಸ್ಪಷ್ಟವಾಗಿರುವ ಚಕ್ರೀಯ ಸಿದ್ಧಾಂತ ಇನ್ನೊಂದಿಲ್ಲವೆಂದೇ ನಮ್ಮ ಅಭಿಪ್ರಾಯ. ಉದಾಹರಣೆ ಆರಿಸುವ ಅವಕಾಶ ಸಿಕ್ಕರೆ ಇದನ್ನೇ ಆರಿಸಿ.

ಪ್ರ: ಸ್ಪೆಂಗ್ಲರ್ ಮತ್ತು ಟಾಯ್ನ್‌ಬಿ ಒಂದೇ ಮಾತು ಹೇಳಿದರೇ?

ಉ: ಇಲ್ಲ. ಸ್ಪೆಂಗ್ಲರ್‌ಗೆ (1918, 1922) ಸಂಸ್ಕೃತಿ ಒಂದು ಜೀವಿ. ಹುಟ್ಟು, ಪ್ರಾಯ, ಮುಪ್ಪು, ಸಾವು ತಪ್ಪಿದ್ದಲ್ಲ. ಅವನು ಎಂಟು ಮಹಾಸಂಸ್ಕೃತಿಗಳನ್ನು ಹೆಸರಿಸುತ್ತಾನೆ. ಟಾಯ್ನ್‌ಬಿಯಲ್ಲಿ ಸಾವು ವಿಧಿಯಲ್ಲ. ಸವಾಲು ಬರುತ್ತದೆ, ಸೃಜನಶೀಲ ಅಲ್ಪಸಂಖ್ಯಾತರು ಉತ್ತರ ಕಂಡುಕೊಳ್ಳುತ್ತಾರೆ, ಉಳಿದವರು ಅವರನ್ನು ಅನುಸರಿಸುತ್ತಾರೆ. ಅದೇ ಗುಂಪು ಉತ್ತರ ಕೊಡಲಾಗದೆ ಬಲಪ್ರಯೋಗಕ್ಕೆ ಇಳಿದಾಗ ನಾಗರಿಕತೆ ಕುಸಿಯುತ್ತದೆ. ಸವಾಲು ತೀರ ಹಗುರವಾದರೂ ತೀರ ಕಠಿಣವಾದರೂ ಬೆಳವಣಿಗೆ ಇಲ್ಲ.

ಪ್ರ: ಪರೇಟೊ?

ಉ: ಗಣ್ಯರ ಪರಿಚಲನೆ. ಬಲ ಬಳಸುವ 'ಸಿಂಹಗಳು', ಉಪಾಯ ಬಳಸುವ 'ನರಿಗಳು' ಅದಲುಬದಲಾಗುತ್ತಾರೆ. ಆಳುವವರು ಬದಲಾಗುತ್ತಾರೆ, ಆಳಿಸಿಕೊಳ್ಳುವವರ ಸ್ಥಿತಿ ಹಾಗೇ ಇರುತ್ತದೆ. ಕೆಳಗಿನ ಸಮರ್ಥರಿಗೆ ಮೇಲೇರುವ ದಾರಿ ಮುಚ್ಚಿದಾಗ ಕ್ರಾಂತಿ.

ಪ್ರ: ಸೊರೊಕಿನ್ ಪ್ರಕಾರ ತೂಗಾಟ ಏಕೆ ನಿಲ್ಲುವುದಿಲ್ಲ?

ಉ: ಎರಡು ತತ್ವಗಳಿಂದ. ಬದಲಾವಣೆ ವ್ಯವಸ್ಥೆಯ ಒಳಗಿನಿಂದಲೇ ಬರುತ್ತದೆ ಎಂಬುದು ಒಂದು, ಯಾವ ದಿಕ್ಕಿಗೂ ಒಂದು ಮಿತಿಯಿದೆ ಎಂಬುದು ಇನ್ನೊಂದು. ಇಂದ್ರಿಯಾನುಭವವೇ ಸತ್ಯವೆಂಬ ಸಂಸ್ಕೃತಿ ಅತಿಗೆ ಹೋದಾಗ ಮನುಷ್ಯನ ಉಳಿದ ಅಗತ್ಯಗಳು ತೀರದೆ, ಇಂದ್ರಿಯಾತೀತವಾದುದೇ ಸತ್ಯವೆಂಬ ಭಾವನಾತ್ಮಕ ಸಂಸ್ಕೃತಿಯತ್ತ ವಾಲುತ್ತದೆ. ನಡುವೆ ಎರಡೂ ಬೆರೆತ ಆದರ್ಶಾತ್ಮಕ ಹಂತ. ಇದನ್ನು ಮುಚ್ಚಿದ ವೃತ್ತ ಎನ್ನಬೇಡಿ, ಲೋಲಕದ ಏರಿಳಿತ ಎನ್ನಿ.

ಪ್ರ: ನಮ್ಮ ಯುಗಚಕ್ರ ಚಕ್ರೀಯ ಸಿದ್ಧಾಂತವೇ?

ಉ: ಕಾಲದ ಕಲ್ಪನೆಯಾಗಿ ಹೌದು. ಕಲಿಯುಗ 4,32,000 ವರ್ಷ. ದ್ವಾಪರ, ತ್ರೇತಾ, ಕೃತ ಅದರ ಎರಡು, ಮೂರು, ನಾಲ್ಕು ಪಟ್ಟು. ಸಮಾಜಶಾಸ್ತ್ರೀಯ ಸಿದ್ಧಾಂತವಾಗಿ ಅಲ್ಲ. ಧರ್ಮ ಕುಂದಲು ಸಾಮಾಜಿಕ ಕಾರಣವನ್ನು ಅದು ಪರೀಕ್ಷಿಸಬಹುದಾದ ರೂಪದಲ್ಲಿ ಕೊಡುವುದಿಲ್ಲ.

ಪ್ರ: ಮಾರ್ಕ್ಸ್ ವಿಕಾಸವಾದಿಯೋ, ಕ್ರಾಂತಿಕಾರಿ ಸಿದ್ಧಾಂತಿಯೋ?

ಉ: ಉತ್ಪಾದನಾ ವಿಧಾನಗಳ ಸರಣಿ ನೋಡಿದರೆ ವಿಕಾಸದ ಛಾಯೆ ಇದೆ: 1859ರ ಮುನ್ನುಡಿಯಲ್ಲಿ ಏಷ್ಯಾಟಿಕ್, ಪ್ರಾಚೀನ, ಊಳಿಗಮಾನ್ಯ, ಆಧುನಿಕ ಬೂರ್ಜ್ವಾ ಎಂದು ಹೆಸರಿಸಿದ್ದಾನೆ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಕ್ರಾಂತಿಯಿಂದ. ಉತ್ಪಾದನಾ ಶಕ್ತಿಗಳು ಬೆಳೆಯುತ್ತವೆ, ಒಡೆತನದ ಸಂಬಂಧಗಳು ಅವಕ್ಕೆ ಸಂಕೋಲೆಯಾಗುತ್ತವೆ, ವರ್ಗ ಸಂಘರ್ಷ ಆ ಬಿರುಕನ್ನು ರಾಜಕೀಯಕ್ಕೆ ತರುತ್ತದೆ. ಬಡತನವೊಂದೇ ಸಾಲದು, ಒಂದೇ ಸ್ಥಿತಿಯಲ್ಲಿರುವ ಜನ ತಾವು ಒಂದು ವರ್ಗವೆಂದು ಅರಿತು ಸಂಘಟಿತರಾಗಬೇಕು.

*ಮರುಪ್ರಶ್ನೆ: ಎಲ್ಲ ದೇಶಕ್ಕೂ ಇದೇ ದಾರಿ ಎಂದನೇ?* 1881ರಲ್ಲಿ ವೆರಾ ಝಾಸುಲಿಚ್‌ಗೆ ಬರೆದ ಪತ್ರದಲ್ಲಿ ಆ ಅನಿವಾರ್ಯತೆಯನ್ನು ಪಶ್ಚಿಮ ಯುರೋಪಿನ ದೇಶಗಳಿಗೆ ಸೀಮಿತಗೊಳಿಸಿದ. ಈ ಪತ್ರ ನೆನಪಿದ್ದರೆ ಚರ್ಚೆ ನಿಮ್ಮ ಕೈಗೆ ಬರುತ್ತದೆ.

ಪ್ರ: ಹಾಗಾದರೆ ಕ್ರಾಂತಿ ಬ್ರಿಟನ್ನಿನಲ್ಲಲ್ಲ, ರಷ್ಯಾದಲ್ಲಿ ಆದದ್ದೇಕೆ?

ಉ: ಥೀಡಾ ಸ್ಕಾಚ್ಪೋಲ್ (1979) ಫ್ರಾನ್ಸ್, ರಷ್ಯಾ, ಚೀನಾಗಳನ್ನು ಹೋಲಿಸಿ ಉತ್ತರಿಸುತ್ತಾರೆ. ಹೊರಗಿನ ಯುದ್ಧ ಮತ್ತು ಪೈಪೋಟಿಯಿಂದ ಪ್ರಭುತ್ವದ ಆಡಳಿತ, ಸೈನ್ಯ ಕುಸಿಯಬೇಕು. ಅದೇ ಹೊತ್ತಿಗೆ ರೈತರು ತಾವಾಗಿ ದಂಗೆಯೇಳುವಷ್ಟು ಸ್ವಾಯತ್ತರಾಗಿರಬೇಕು. 1917ರ ರಷ್ಯಾದಲ್ಲಿ ಎರಡೂ ಇದ್ದವು. ಇಲ್ಲಿ ಕ್ರಾಂತಿಯನ್ನು ಯಾರೂ 'ಮಾಡುವುದಿಲ್ಲ', ಅದು ಸಂಭವಿಸುತ್ತದೆ. ತೊಡಕು ಅದೇ ವರ್ಷ ಎದುರಾಯಿತು: 1979ರ ಇರಾನಿನಲ್ಲಿ ಸೈನ್ಯ ಯುದ್ಧದಲ್ಲಿ ಸೋತಿರಲಿಲ್ಲ, ರೈತ ದಂಗೆಯಿರಲಿಲ್ಲ; ನಗರದ ಜನ, ಧಾರ್ಮಿಕ ಜಾಲ ಮುಂದಿದ್ದವು. ಸಿದ್ಧಾಂತಕ್ಕೆ ತಿದ್ದುಪಡಿ ಬೇಕೆಂದು ಸ್ಕಾಚ್ಪೋಲ್ ತಾವೇ 1982ರಲ್ಲಿ ಬರೆದರು.

ಪ್ರ: ತೀರ ಬಡತನದಲ್ಲೇ ಕ್ರಾಂತಿಯಾಗುತ್ತದೆಯೇ?

ಉ: ಡೇವಿಸ್‌ನ ಜೆ-ವಕ್ರರೇಖೆ (1962) ಬೇರೆ ಹೇಳುತ್ತದೆ: ಬಹುಕಾಲ ಸ್ಥಿತಿ ಸುಧಾರಿಸಿ, ನಿರೀಕ್ಷೆ ಏರಿ, ತಟ್ಟನೆ ಕುಸಿತ ಬಂದಾಗ. ಗರ್ (1970) ಇದನ್ನು ಸಾಪೇಕ್ಷ ವಂಚನೆ ಎಂದು ಬೆಳೆಸಿದರು. ಕೊರತೆ: ವಂಚಿತರಾದೆವೆಂಬ ಭಾವನೆ ಎಲ್ಲೆಲ್ಲೂ ಇದೆ, ಕ್ರಾಂತಿ ವಿರಳ. ಸಂಘಟನೆ, ಹಣ, ಜಾಲ ಎಲ್ಲಿಂದ ಬಂತೆಂದು ಕೇಳಲೇಬೇಕು.

ಪ್ರ: ಹನ್ನೆರಡನೇ ಶತಮಾನದ ಕಲ್ಯಾಣದ್ದು ಕ್ರಾಂತಿಯೇ?

ಉ: ವ್ಯಾಖ್ಯೆಯಿಂದ ಶುರುಮಾಡಿ. ಪ್ರಭುತ್ವವೂ ವರ್ಗರಚನೆಯೂ ಶೀಘ್ರವಾಗಿ, ಕೆಳಗಿನ ದಂಗೆಯ ಜೊತೆಗೆ ಬದಲಾಗುವುದೇ ಸಾಮಾಜಿಕ ಕ್ರಾಂತಿ ಎಂದರೆ, ಅಲ್ಲ. ಭೂ ಒಡೆತನ, ರಾಜತ್ವ ಉಳಿದವು. ಮೌಲ್ಯಗಳ ಮಟ್ಟದಲ್ಲಿ ಅದು ನಿಜವಾದ ಬಿರುಕು: ಕಾಯಕಕ್ಕೆ ಘನತೆ, ಜಾತಿ ಮತ್ತು ಲಿಂಗಭೇದದ ನಿರಾಕರಣೆ, ಅಕ್ಕಮಹಾದೇವಿಯಂಥ ಹೆಣ್ಣುಮಕ್ಕಳ, ಡೋಹರ ಕಕ್ಕಯ್ಯನಂಥ ಶರಣರ ದನಿ. "ಹೌದು ಕ್ರಾಂತಿ" ಎಂದು ಅಭಿಮಾನದಿಂದ ಹೇಳಿ ನಿಲ್ಲಿಸಿದವರಿಗೆ ಮುಂದಿನ ಪ್ರಶ್ನೆ ಕಷ್ಟವಾಗುತ್ತದೆ.

ಪ್ರ: ಆರ್ಥಿಕ ತಳಹದಿ ಬದಲಾದರೆ ಸಾಮಾಜಿಕ ಸಂಬಂಧವೂ ಬದಲಾಗುತ್ತದೆಯೇ? ಕರ್ನಾಟಕದ ಅಧ್ಯಯನ ಕೊಡಿ.

ಉ: ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯ ಸೀಮೆಯಲ್ಲಿ ಮಾಡಿದ ಅಧ್ಯಯನ, 1962ರಲ್ಲಿ ಪ್ರಕಟ. ವಂಗಲ, ದಲೇನ ಅವರು ಕೊಟ್ಟ ಹೆಸರುಗಳು. ವಂಗಲಕ್ಕೆ ಕಾಲುವೆ ನೀರು ಬಂತು. ಕಬ್ಬು ಬೆಳೆದು ದುಡ್ಡು ಬಂತು, ಆದರೆ ಜನ ಬೇಸಾಯದಲ್ಲೇ ಉಳಿದದ್ದರಿಂದ ಒಕ್ಕಲಿಗ ರೈತರಿಗೂ ದಲಿತ ಆಳುಗಳಿಗೂ ಇದ್ದ ಹಳೆಯ ಸಂಬಂಧ ಬಹುಮಟ್ಟಿಗೆ ಉಳಿಯಿತು. ದಲೇನದ ನೆಲ ಒಣಗಿತ್ತು. ಅಲ್ಲಿನವರು ಹೊರಗೆ ಕೆಲಸ, ವ್ಯಾಪಾರ ಹುಡುಕಿದರು, ಹಳೆಯ ಸಂಬಂಧ ಸಡಿಲಾಯಿತು. ನೀರು ಬಂದ ಊರಿಗಿಂತ ಬಾರದ ಊರು ಹೆಚ್ಚು ಬದಲಾಯಿತು. ಮಾರ್ಕ್ಸ್ ಸುಳ್ಳಾದ ಎನ್ನಬೇಡಿ: ವಂಗಲದಲ್ಲಿ ಉತ್ಪಾದನೆ ಏರಿತು, ಉತ್ಪಾದನಾ ಸಂಬಂಧ ಬದಲಾಗಲಿಲ್ಲ.

ಪ್ರ: 1974ರ ಭೂಸುಧಾರಣೆ ಯಾವ ಸಿದ್ಧಾಂತಕ್ಕೆ ಸೇರುತ್ತದೆ?

ಉ: ಒಂದಕ್ಕೇ ಸೇರಿಸಲಾಗದು, ಹಾಗೆಂದೇ ಹೇಳಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಗೇಣಿದಾರರು ಫಾರಂ 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಬದಲಾದದ್ದು ಒಡೆತನದ ಸಂಬಂಧ, ಅಂದರೆ ಮಾರ್ಕ್ಸ್ ಹೇಳಿದ ಜಾಗವೇ. ಬದಲಿಸಿದ್ದು ಶಾಸನಸಭೆಯ ಕಾನೂನು, ದಂಗೆಯಲ್ಲ. ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿಯಲ್ಲಿ ಅದರ ಪರಿಣಾಮ ಆಳವಾಗಿತ್ತು. ಗೇಣಿಯೂ ಇಲ್ಲದ ಕೂಲಿಯಾಳಿಗೆ ಫಾರಂ 7 ತುಂಬಲು ಏನೂ ಇರಲಿಲ್ಲ.