ಯುದ್ಧವಿಲ್ಲದ ದಿನಗಳಲ್ಲಿ ಸೈನಿಕನ ಕೆಲಸ

ಮುಖ್ಯೋಪಾಧ್ಯಾಯಿನಿಯವರೇ, ಶಿಕ್ಷಕರೇ, ಕೆಲಸ ಬಿಟ್ಟು ಬಂದಿರುವ ತಂದೆ ತಾಯಂದಿರೇ, ಪ್ರೀತಿಯ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಇವತ್ತು ಜನವರಿ 15, ಸೇನಾ ದಿನ. ನಮ್ಮ ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು 1949ರಲ್ಲಿ ಇದೇ ದಿನ ಬ್ರಿಟಿಷ್ ಜನರಲ್ ಕೈಯಿಂದ ಅಧಿಕಾರ ವಹಿಸಿಕೊಂಡು, ನಮ್ಮ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಕೊಡಗಿನ ಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹಾಗಾಗಿ ನೀವು ಬರೆದು ಕಳಿಸಿದ ಪ್ರಶ್ನೆಗಳಿಗೇ ಬರುತ್ತೇನೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಕೇಳಿದ್ದಾಳೆ: "ಸರ್, ಯುದ್ಧ ಯಾವಾಗಲೋ ಒಮ್ಮೆ ಬರುತ್ತದೆ. ಉಳಿದ ದಿನಗಳಲ್ಲಿ ಸೈನಿಕರಿಗೆ ಸಂಬಳ ಯಾಕೆ ಕೊಡಬೇಕು?" ಈ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ತೆರಿಗೆ ಕಟ್ಟುವ ದೇಶದ ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆ ಇದು. ನೇರವಾಗಿ ಉತ್ತರಿಸುತ್ತೇನೆ.

ನಾನಿದ್ದದ್ದು ಎಂಜಿನಿಯರ್ಸ್‌ನಲ್ಲಿ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲದಲ್ಲಿ ಹುಗಿದ ಮೈನ್ ತೆಗೆಯುವುದು ನಮ್ಮ ಕೆಲಸ. ಗಡಿಯಲ್ಲಿದ್ದರೆ ಅದಕ್ಕೆ ಫೀಲ್ಡ್ ಅನ್ನುತ್ತೇವೆ, ಹೆಂಡತಿ ಮಕ್ಕಳ ಜೊತೆ ಕಂಟೋನ್ಮೆಂಟ್‌ನಲ್ಲಿದ್ದರೆ ಪೀಸ್ ಸ್ಟೇಷನ್. ಪೀಸ್ ಸ್ಟೇಷನ್ನಿನಲ್ಲಿ ಬೆಳಗ್ಗೆ ಪಿಟಿ, ಆಮೇಲೆ ತರಬೇತಿ, ವಾಹನ ಮತ್ತು ಆಯುಧಗಳ ನಿರ್ವಹಣೆ, ಸಂಜೆ ಆಟ. ನಾಳೆಯೂ ಅದೇ, ನಾಡಿದ್ದೂ ಅದೇ. ಹೊರಗಿನಿಂದ ನೋಡಿದವರಿಗೆ ಒಂದೇ ಕೆಲಸವನ್ನು ಯಾಕೆ ಇಷ್ಟು ಸಲ ಮಾಡುತ್ತಾರೋ ಅನಿಸುತ್ತದೆ.

ಯಾಕೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಬೈಲಿ ಸೇತುವೆ ಅಂತ ಒಂದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದದ್ದು, ಇವತ್ತಿಗೂ ಬಳಕೆಯಲ್ಲಿದೆ. ಅದರ ಮುಖ್ಯ ಭಾಗ ಹತ್ತು ಅಡಿ ಉದ್ದದ ಉಕ್ಕಿನ ಚೌಕಟ್ಟು, ನಾವು ಪ್ಯಾನೆಲ್ ಅನ್ನುತ್ತೇವೆ. ಒಂದರ ತೂಕ ಸುಮಾರು 260 ಕಿಲೋ. ಆರು ಜನ ಸೇರಿ ಎತ್ತಬೇಕು. ಒಬ್ಬ ಅರೆಕ್ಷಣ ತಡವಾಗಿ ಎತ್ತಿದರೂ ಭಾರವೆಲ್ಲ ಪಕ್ಕದವನ ಮೇಲೆ. ಎರಡು ಪ್ಯಾನೆಲ್‌ಗಳ ತುದಿ ಕೂಡಿಸಿ, ತೂತಿಗೆ ತೂತು ಸರಿಹೊಂದಿಸಿ, ಪಿನ್ ಹೊಡೆಯಬೇಕು. ತೂತು ಸರಿಯಾಗಿ ಕೂತಿದೆಯಾ ಅಂತ ಬೆರಳು ಹಾಕಿ ನೋಡಿದರೆ ಬೆರಳು ಹೋಯಿತು ಅಂತಲೇ ಲೆಕ್ಕ. ಹೊಸ ಹುಡುಗರಿಗೆ ಹವಾಲ್ದಾರರು ಮೊದಲ ದಿನ ಹೇಳುವುದೇ ಇದನ್ನು.

ಸೇತುವೆಯನ್ನು ಹೊಳೆಯ ಮಧ್ಯೆ ನಿಂತು ಕಟ್ಟುವುದಿಲ್ಲ. ಈ ದಡದಲ್ಲೇ ಕಟ್ಟಿ, ಉರುಳೆಗಳ ಮೇಲಿಟ್ಟು, ಆಚೆ ದಡದ ಕಡೆ ತಳ್ಳುತ್ತಾ ಹೋಗುತ್ತೇವೆ. ಮುಂದಿನ ಭಾಗ ಬರೀ ಹಂದರ, ಹಗುರ. ಹಿಂದಿನ ಭಾಗ ಭಾರ. ಮುಂದಿನದು ಗಾಳಿಯಲ್ಲಿ ಚಾಚಿಕೊಂಡಿದ್ದರೂ ಹಿಂದಿನ ಭಾರ ಅದನ್ನು ಬೀಳದಂತೆ ಹಿಡಿದಿರುತ್ತದೆ. ನಿಮ್ಮ ವಿಜ್ಞಾನದ ಪುಸ್ತಕದಲ್ಲಿರುವ ಸನ್ನೆಕೋಲಿನ ಪಾಠವೇ ಇದು. ಇದನ್ನು ಹಗಲಲ್ಲಿ ಕಲಿಸುತ್ತೇವೆ. ಆಮೇಲೆ ಮಳೆಯಲ್ಲಿ, ಆಮೇಲೆ ರಾತ್ರಿ ದೀಪವಿಲ್ಲದೆ. ಕಟ್ಟುವುದು, ಬಿಚ್ಚುವುದು, ಎಣ್ಣೆ ಹಚ್ಚಿ ಎತ್ತಿಡುವುದು.

ಈಗ 2024ರ ಜುಲೈ 30ನ್ನು ನೆನಪು ಮಾಡಿಕೊಳ್ಳಿ. ನಮ್ಮ ಪಕ್ಕದ ವಯನಾಡಿನಲ್ಲಿ ನಸುಕಿಗೆ ಮುಂಚೆ ಗುಡ್ಡ ಜರಿಯಿತು. ಚೂರಲ್‌ಮಲೆಯ ಸೇತುವೆ ಕೊಚ್ಚಿಹೋಯಿತು. ಆಚೆ ಮುಂಡಕ್ಕೈ ಊರು, ಮಣ್ಣಿನಡಿ ಜನ. ಜೆಸಿಬಿ ದಾಟಿಸಲು ದಾರಿಯಿಲ್ಲ. ಮದ್ರಾಸ್ ಸ್ಯಾಪರ್ಸ್‌ನವರು ಅಲ್ಲಿ 190 ಅಡಿಯ ಬೈಲಿ ಸೇತುವೆಯನ್ನು ಸುಮಾರು 31 ಗಂಟೆಯಲ್ಲಿ ಕಟ್ಟಿ ಮುಗಿಸಿದರು. 24 ಟನ್ ಭಾರ ಹೊರುವ ಸೇತುವೆ. ಅಲ್ಲಿ ಮುಂದೆ ನಿಂತು ಕೆಲಸ ಮಾಡಿಸಿದವರಲ್ಲಿ ಮೇಜರ್ ಸೀತಾ ಶೆಲ್ಕೆ ಎಂಬ ಮಹಿಳಾ ಅಧಿಕಾರಿ ಇದ್ದರು. ಹೆಣ್ಣುಮಕ್ಕಳೇ, ಈ ಹೆಸರು ಬರೆದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಅವರ ಹುಡುಗರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಪ್ಯಾನೆಲ್ ಎಲ್ಲಿ ಹಿಡಿಯಬೇಕು ಅನ್ನುವುದು ಕೈಗೇ ಗೊತ್ತಿತ್ತು. ಆ 31 ಗಂಟೆಗಳ ಹಿಂದೆ ಎಷ್ಟೋ ವರ್ಷಗಳ ಪೀಸ್ ಸ್ಟೇಷನ್ ಇತ್ತು. ಸಂಬಳ ಕೊಟ್ಟದ್ದು ಅದಕ್ಕೆ, ಮಗಳೇ.

2018ರ ಆಗಸ್ಟ್ ನಿಮ್ಮಲ್ಲಿ ದೊಡ್ಡವರಿಗಾದರೂ ಸ್ವಲ್ಪ ನೆನಪಿರಬಹುದು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು. ಜರಿದದ್ದು ನಮ್ಮದೇ ಗುಡ್ಡಗಳು. ಆಗಲೂ ಸೇನೆ ಬಂತು. ಎನ್‌ಡಿಆರ್‌ಎಫ್, ಪೊಲೀಸರು, ಅಗ್ನಿಶಾಮಕದವರು, ಊರಿನ ಯುವಕರು ಎಲ್ಲ ಸೇರಿಯೇ ಜನರನ್ನು ಹೊರಗೆ ತಂದರು. ಒಂದು ವಿಷಯ ತಿಳಿದಿರಲಿ: ಸೇನೆ ತಾನಾಗಿ ಬಂದು ಊರಿನ ಆಡಳಿತ ಹಿಡಿಯುವುದಿಲ್ಲ. ಜಿಲ್ಲಾಡಳಿತ, ಸರ್ಕಾರ ಕೇಳಿದಾಗ ಬರುತ್ತದೆ, ಕೆಲಸ ಮುಗಿದ ಮೇಲೆ ಬ್ಯಾರಕ್‌ಗೆ ಮರಳುತ್ತದೆ. ಜನ ಆರಿಸಿದ ಸರ್ಕಾರದ ಮಾತು ಕೇಳುವ ಸೇನೆ ನಮ್ಮದು. ಈ ಬಗ್ಗೆ ನನಗೆ ಬಹಳ ಹೆಮ್ಮೆಯಿದೆ.

ಇನ್ನು ಕಾವಲು. ಶಾಂತಿ ಅಂದರೆ ಗಡಿ ಖಾಲಿ ಬಿಡುವ ಸಮಯವಲ್ಲ. ನಾಟಿ ಮುಗಿಯಿತು ಅಂತ ಗದ್ದೆಯ ಕಾವಲು ಬಿಟ್ಟರೆ ಆನೆ, ಹಂದಿ ಬಿಡುತ್ತವೆಯೇ? 1984ರಿಂದ ನಮ್ಮವರು ಸಿಯಾಚಿನ್‌ನಲ್ಲಿದ್ದಾರೆ. ಅಲ್ಲಿ ಗುಂಡಿಗಿಂತ ಹಿಮವೇ ಹೆಚ್ಚು ಪ್ರಾಣ ತೆಗೆದಿದೆ. 2016ರ ಫೆಬ್ರುವರಿಯಲ್ಲಿ ಹಿಮಪಾತಕ್ಕೆ ಸಿಕ್ಕಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರನೇ ದಿನ ಹಿಮದಡಿಯಿಂದ ಜೀವಂತವಾಗಿ ಸಿಕ್ಕರು. ಇಡೀ ದೇಶ ಪ್ರಾರ್ಥಿಸಿತು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಯಾವ ಯುದ್ಧವೂ ನಡೆಯುತ್ತಿರಲಿಲ್ಲ, ಮಕ್ಕಳೇ.

ನೌಕಾಪಡೆಯ ಬಗ್ಗೆ ಬೆಟ್ಟದವನಾದ ನಾನು ಹೆಚ್ಚು ಹೇಳಲಾರೆ. 2008ರಿಂದ ಅವರ ಹಡಗುಗಳು ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರಿಂದ ವ್ಯಾಪಾರಿ ಹಡಗುಗಳನ್ನು ಕಾಯುತ್ತಿವೆ. 2015ರಲ್ಲಿ ಯೆಮೆನ್‌ನಲ್ಲಿ ಸಿಕ್ಕಿಕೊಂಡಿದ್ದ ಸಾವಿರಾರು ಜನರನ್ನು ಕರೆತರುವುದರಲ್ಲಿ ನೌಕಾಪಡೆ, ವಾಯುಪಡೆ ಎರಡೂ ದುಡಿದವು. ಅವರವರ ಕೆಲಸವನ್ನು ಅವರ ಬಾಯಿಂದಲೇ ನೀವು ಕೇಳಬೇಕು.

ಆದರೆ ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರನ್ನು ಬಿಟ್ಟು ನಾನು ಇಲ್ಲಿಂದ ಇಳಿಯಲಾರೆ. ಯುದ್ಧದಲ್ಲಿ ಅವರು ಎಂಥವರು ಅನ್ನುವುದು ನಿಮಗೆ ಗೊತ್ತು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಊರಿಗೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ವಿಷಯ ಬಗೆಹರಿಸಲು ಐದು ದೇಶಗಳ ಆಯೋಗವೊಂದು ರಚನೆಯಾಯಿತು. ಅದರ ಅಧ್ಯಕ್ಷರು ತಿಮ್ಮಯ್ಯ. ಎರಡೂ ಕಡೆಯವರು ಅನುಮಾನದಿಂದ ನೋಡುತ್ತಿದ್ದಾಗ ಇಬ್ಬರ ಮಧ್ಯೆ ನಿಂತು ತಾಳ್ಮೆಯಿಂದ ಕೆಲಸ ಮಾಡಿದರು. ಕೊನೆಗೆ 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಮುನ್ನಡೆಸುತ್ತಿದ್ದಾಗಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ ಈಗ ವಸ್ತುಸಂಗ್ರಹಾಲಯ. ನೋಡದವರು ಈ ವರ್ಷ ಹೋಗಿಬನ್ನಿ, ಶಿಕ್ಷಕರಲ್ಲಿ ನನ್ನದೂ ಒಂದು ವಿನಂತಿ.

ಅದೇ ಕೊರಿಯಾದಲ್ಲಿ ನಮ್ಮ ಸೇನೆಯ 60ನೇ ಪ್ಯಾರಾ ವೈದ್ಯಕೀಯ ದಳ ಗಾಯಾಳುಗಳನ್ನು ನೋಡಿಕೊಂಡಿತ್ತು. 2023ರಲ್ಲಿ ತುರ್ಕಿಯಲ್ಲಿ ಭೂಕಂಪವಾದಾಗ ಅಲ್ಲಿಗೆ ಹೋಗಿ ಆಸ್ಪತ್ರೆ ತೆರೆದದ್ದೂ ಅದೇ ದಳ. ಏಳು ದಶಕ ಕಳೆದರೂ ಆ ದಳ ಕೆಲಸ ಮರೆತಿಲ್ಲ.

ನನ್ನ ಮಾತು ಇಷ್ಟು. ಚೀಲದಲ್ಲಿ ಎಂಟು ಹಗ್ಗ ತಂದಿದ್ದೇನೆ. ನೀರಿಗೆ ಬಿದ್ದವರ ಸೊಂಟಕ್ಕೆ ಹಾಕುವ ಬೋಲೈನ್ ಗಂಟನ್ನು ಈಗ ಕಲಿಸುತ್ತೇನೆ. ಎಷ್ಟು ಎಳೆದರೂ ಅದು ಬಿಗಿದು ಉಸಿರು ಕಟ್ಟಿಸುವುದಿಲ್ಲ, ಬೇಕೆಂದಾಗ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಏಳನೇ ತರಗತಿಯವರು ಮೊದಲು ಬನ್ನಿ, ಇಬ್ಬರಿಗೆ ಒಂದು ಹಗ್ಗ. ಒಬ್ಬರು ಗಂಟು ಹಾಕಿ, ಇನ್ನೊಬ್ಬರು ಎಳೆದು ನೋಡಿ. ಜೈ ಹಿಂದ್.