ನಿನ್ನೆ ಇಂಟರ್ವ್ಯೂಗೆ ಥ್ಯಾಂಕ್ಸ್ ಮೇಡಂ, ಜೊತೆಗೆ ಕೆಚ್ಚಲುಬಾವಿನ ವಿಷಯ ಇನ್ನೊಂದಿಷ್ಟು

ಮೇಡಂ, ನಮಸ್ತೆ.

ನಿನ್ನೆ ಮಧ್ಯಾಹ್ನ ಫೀಲ್ಡ್ ಸೂಪರ್‌ವೈಸರ್ ಕೆಲಸಕ್ಕೆ ಇಂಟರ್ವ್ಯೂಗೆ ಬಂದಿದ್ದೆನಲ್ಲ, ಅರಸೀಕೆರೆ ಕಡೆಯವನು. ಅಷ್ಟೊಂದು ಕೆಲಸದ ಮಧ್ಯೆ ನೀವೂ ಪ್ಲಾಂಟ್ ಮ್ಯಾನೇಜರ್ ಸಾರೂ ಸಮಾಧಾನವಾಗಿ ಕೂತು ಮಾತಾಡ್ಸಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆಮೇಲೆ ಲ್ಯಾಬ್ ತೋರ್ಸಿದ್ರಲ್ಲ, ಅದು ನಂಗೆ ಇನ್ನೂ ಖುಷಿ ಕೊಡ್ತು. ಎಂಬಿಆರ್‌ಟಿ ಟ್ಯೂಬುಗಳನ್ನ ರೂಟ್ ಪ್ರಕಾರ ಜೋಡ್ಸಿಟ್ಟು ಯಾವ ರೂಟಿನ ಹಾಲಲ್ಲಿ ನೀಲಿ ಬಣ್ಣ ಬೇಗ ಹೋಗುತ್ತೆ ಅಂತ ದಿನಾ ಬುಕ್ಕಲ್ಲಿ ಬರೀತಾರೆ ಅಂತ ಹೇಳಿದ್ರಿ, ಹಾಲಿನ ಬಗ್ಗೆ ಇಷ್ಟು ಕಾಳಜಿ ಇರೋ ಜಾಗದಲ್ಲಿ ಕೆಲಸ ಮಾಡ್ಬೇಕು ಅಂತ ಅಲ್ಲೇ ನಿಂತಾಗ ಅನ್ನಿಸ್ತು.

ನೀವು ಕೇಳಿದ ಒಂದು ಪ್ರಶ್ನೆ ಮನೆಗೆ ಬರೋವರೆಗೂ ತಲೇಲಿ ಓಡ್ತಾನೇ ಇತ್ತು. ಕ್ವಾಲಿಟಿ ಸರಿ ಇಲ್ಲ ಅಂತ ಹಾಲು ವಾಪಸ್ ಕಳಿಸ್ತಾ ಹೋದ್ರೆ ರೈತರು ಪಕ್ಕದ ಡೇರಿಗೆ ಹಾಕ್ತಾರೆ, ವಾಪಸ್ ಕಳಿಸ್ದೇ ಇದ್ರೆ ಪ್ಲಾಂಟಿಗೆ ನಷ್ಟ, ನೀನೇನ್ ಮಾಡ್ತೀಯ ಅಂದ್ರಿ. ಟೆಸ್ಟ್ ರೈತರ ಕಣ್ಣೆದುರಿಗೆ ಆಗ್ಬೇಕು, ಆಗ್ಲೇ ಅವರು ನಂಬೋದು ಅಂತ ನಾನು ಹೇಳ್ದೆ. ಮ್ಯಾನೇಜರ್ ಸಾರ್ ಆ ಮಾತಿಗೆ ತಲೆ ಎತ್ತಿ ನೋಡಿ ಅದು ಹೆಂಗೆ ಹೇಳಪ್ಪ ಅಂದ್ರು, ಅಷ್ಟರಲ್ಲಿ ಟ್ಯಾಂಕರ್ ಬಂತು ಅಂತ ಎದ್ದು ಹೋಗ್ಬೇಕಾಯ್ತು, ಮಾತು ಅಲ್ಲಿಗೇ ನಿಲ್ತು. ಅದನ್ನ ಪೂರ್ತಿ ಹೇಳ್ಬೇಕು ಅಂತಾನೇ ಈ ಮೇಲ್ ಇಷ್ಟು ಉದ್ದ ಆಗ್ತಿರೋದು.

ಈಗ ಕೆಲಸ ಮಾಡ್ತಿರೋ ಸೊಸೈಟೀಲಿ ಒಬ್ರು ಅಜ್ಜಿ ಹಾಲು ಹಾಕ್ತಾರೆ, ಎರಡೇ ಹಸು. ಅವರ ಎಸ್‌ಎನ್‌ಎಫ್ ಯಾವಾಗ್ಲೂ 8.5ರ ಆಸುಪಾಸು ಇರ್ತಿತ್ತು, ಇದ್ದಕ್ಕಿದ್ದಂಗೆ 8ಕ್ಕಿಂತ ಕೆಳಗೆ ಬಂತು, ಎಫ್‌ಎಸ್‌ಎಸ್‌ಎಐ ಹಸುವಿನ ಹಾಲಿಗೆ ಇಟ್ಟಿರೋ 8.3ನ್ನೂ ಮುಟ್ಟಲಿಲ್ಲ. ಸ್ಲಿಪ್ ಕೈಗೆ ಬಂದ ತಕ್ಷಣ ಕ್ಯೂನಲ್ಲಿ ಇದ್ದೋರೆಲ್ಲ ನೀರು ಅಂತ ಗುಸುಗುಸು ಶುರು ಮಾಡಿದ್ರು. ಅಜ್ಜಿ ಕಣ್ಣಲ್ಲಿ ನೀರು ಬಂತು, ಮಷೀನೇ ಸರಿ ಇಲ್ಲ, ನಾಳೆಯಿಂದ ನಾನು ಹಾಕಲ್ಲ ಅಂದ್ಬಿಟ್ರು. ಹಾಲಿಗೆ ನೀರು ಹಾಕ್ತಾರೆ ಅನ್ನಿಸ್ಕೊಳ್ಳೋದು ಊರಲ್ಲಿ ದುಡ್ಡಿನ ಲೆಕ್ಕ ಅಲ್ಲ ಮೇಡಂ, ಮರ್ಯಾದೆ ಪ್ರಶ್ನೆ.

ಸ್ಲಿಪ್ಪಲ್ಲಿ ಫ್ಯಾಟ್ ಹೆಚ್ಚುಕಡಿಮೆ ಹಂಗೇ ಇತ್ತು. ನೀರು ಬೆರೆತಿದ್ರೆ ಫ್ಯಾಟೂ ಎಸ್‌ಎನ್‌ಎಫೂ ಎರಡೂ ಇಳೀಬೇಕು. ಅದೊಂದನ್ನೇ ನಂಬಿ ತೀರ್ಮಾನ ಹೇಳಕ್ಕಾಗಲ್ಲ, ಆದ್ರೆ ಅನುಮಾನ ಬರೋಕೆ ಅಷ್ಟು ಸಾಕು. ಸಂಜೆ ಹಾಲು ಕರೆಯೋ ಹೊತ್ತಿಗೆ ಸಿಎಂಟಿ ಪ್ಯಾಡಲ್ ತಗೊಂಡು ಅವರ ಕೊಟ್ಟಿಗೆಗೆ ಹೋದೆ. ಮೊದಲ ಒಂದೆರಡು ಧಾರೆ ಬಿಟ್ಟು ನಾಲ್ಕು ಮೊಲೆ ಹಾಲನ್ನ ನಾಲ್ಕು ಬಟ್ಟಲಿಗೆ ಬೇರೆ ಬೇರೆಯಾಗಿ ಅಜ್ಜಿ ಕೈಲೇ ಹಿಂಡಿಸ್ದೆ, ಹಾಲು ಎಷ್ಟಿದೆಯೋ ಅಷ್ಟೇ ಟೆಸ್ಟಿನ ದ್ರಾವಣ ಹಾಕಿ ಪ್ಯಾಡಲ್ ಅವರ ಕೈಗೇ ಕೊಟ್ಟು ಮೆಲ್ಲಗೆ ತಿರುಗಿಸಿ ಅಂದೆ. ಮೂರು ಬಟ್ಟಲಲ್ಲಿ ಹಾಲು ನೀರಾಗೇ ಓಡಾಡ್ತಿತ್ತು, ಎಡಗಡೆ ಹಿಂದಿನ ಮೊಲೆಯ ಬಟ್ಟಲಲ್ಲಿ ಮಾತ್ರ ಗಂಜಿ ಥರ ಗಟ್ಟಿಯಾಗಿ ಮಧ್ಯಕ್ಕೆ ಗುಡ್ಡೆ ಕಟ್ತು. ಕೆಚ್ಚಲು ಊದಿರ್ಲಿಲ್ಲ, ಹಾಲಲ್ಲಿ ಗರಣೆ ಇರ್ಲಿಲ್ಲ, ಹಸು ಮೇವು ಬಿಟ್ಟಿರ್ಲಿಲ್ಲ, ಹೊರಗಡೆಯಿಂದ ನೋಡಿದ್ರೆ ಯಾರಿಗೂ ಗೊತ್ತಾಗೋ ಹಂಗೇ ಇರ್ಲಿಲ್ಲ. ಬಾವು ಇರೋ ಮೊಲೆ ಹಾಲಲ್ಲಿ ಬಿಳಿ ರಕ್ತಕಣ ಜಾಸ್ತಿ ಇರುತ್ತೆ, ಆ ದ್ರಾವಣ ಅವನ್ನ ಒಡೆದಾಗ ಒಳಗಿನ ಡಿಎನ್‌ಎ ಹೊರಗೆ ಬಂದು ಹಿಂಗೆ ಲೋಳೆ ಆಗುತ್ತೆ, ಲ್ಯಾಕ್ಟೋಸ್ ಕಮ್ಮಿಯಾಗಿ ಎಸ್‌ಎನ್‌ಎಫ್ ಇಳಿಯುತ್ತೆ. ಅಜ್ಜಿಗೆ ಇದೆಲ್ಲ ಹೇಳೋ ಅವಶ್ಯಕತೇನೇ ಬರ್ಲಿಲ್ಲ, ಬಟ್ಟಲು ನೋಡಿ ಅವರೇ "ಇದೊಂದು ಮೊಲೆ ಕೆಟ್ಟೈತೆ ಕಣಪ್ಪ, ಡಾಕ್ಟ್ರನ್ನ ಕರೆಸು" ಅಂದ್ರು. ಅವರು ಈಗ್ಲೂ ನಮ್ಮ ಸೊಸೈಟಿಗೇ ಹಾಲು ಹಾಕ್ತಿದ್ದಾರೆ, ಈಗ ಪಕ್ಕದ ಮನೆಯವರಿಗೂ ಪ್ಯಾಡಲ್ ತರಿಸಿ ನೋಡಿಸ್ಕೊಳ್ಳಿ ಅಂತ ಹೇಳೋದು ಅವರೇ.

ನಿಮ್ಮ ರೂಟಲ್ಲಿ ನಾನು ಮಾಡ್ಬೇಕು ಅಂದ್ಕೊಂಡಿರೋದು ಇದನ್ನೇ, ಸ್ವಲ್ಪ ವ್ಯವಸ್ಥಿತವಾಗಿ. ಯಾರ ಹಾಲು ಯಾವತ್ತು ಎಷ್ಟು ಬಂತು ಅಂತ ಮಷೀನಲ್ಲೇ ಇರುತ್ತೆ, ಬಿಲ್ ಮಾಡೋಕೆ ಬಿಟ್ಟು ಬೇರೆ ಯಾವುದಕ್ಕೂ ಅದನ್ನ ಯಾರೂ ತೆಗೆದು ನೋಡಲ್ಲ. ನಾನು ಬಿಲ್‌ಗೆ ಮುಂಚೆ ಅದನ್ನ ನೋಡ್ತೀನಿ. ಇಡೀ ಊರಿನ ಎಸ್‌ಎನ್‌ಎಫ್ ನಿಧಾನಕ್ಕೆ ಇಳೀತಿದ್ರೆ ಬೇಸಿಗೆ, ಹಸಿಮೇವು, ಹಿಂಡಿ ಇದ್ರ ಕಡೆ ಯೋಚ್ನೆ ಮಾಡ್ಬೇಕು. ಒಬ್ರದ್ದು ಮಾತ್ರ ದಿಢೀರ್ ಅಂತ ಬಿದ್ರೆ ಅವತ್ತೇ ಸಂಜೆ ಅವರ ಕೊಟ್ಟಿಗೇಲಿ ಪ್ಯಾಡಲ್ ಟೆಸ್ಟ್. ಬಾವು ಸಿಕ್ರೆ ಡಾಕ್ಟರಿಗೆ ಹೇಳೋದು, ಆ ಹಸುನ ಕೊನೇಲಿ ಕರೆಯೋದು, ಕರೆದಾದ ಮೇಲೆ ಮೊಲೆ ಅಯೋಡಿನ್ ದ್ರಾವಣಕ್ಕೆ ಅದ್ದೋದು, ಆಮೇಲೆ ಮೇವು ಹಾಕಿ ಅರ್ಧ ಗಂಟೆ ಮಲಗದಂಗೆ ನಿಲ್ಲಿಸೋದು, ಮೊಲೆ ತೂತು ಮುಚ್ಚಿಕೊಳ್ಳೋಕೆ ಅಷ್ಟು ಹೊತ್ತು ಬೇಕಲ್ಲ. ಇದ್ಯಾವುದಕ್ಕೂ ದೊಡ್ಡ ಖರ್ಚಿಲ್ಲ, ಹೋಗಿ ಪಕ್ಕದಲ್ಲಿ ಕೂತು ತೋರ್ಸೋ ಜನ ಬೇಕು, ಅದು ನಾನು ಮಾಡ್ತೀನಿ.

ಒಂದು ಮಾತು ನಿನ್ನೆ ಹೇಳೋಕೆ ಟೈಮ್ ಸಿಗ್ಲಿಲ್ಲ. ನಿಮ್ಮಲ್ಲಿ ಮೊಸರು ಜಾಸ್ತಿ ಹೋಗುತ್ತೆ ಅಂದ್ರಲ್ಲ, ಹಂಗಾದ್ರೆ ಇದು ನಿಮಗೆ ಇನ್ನೂ ಮುಖ್ಯ. ಕೆಚ್ಚಲಿಗೆ ಆಂಟಿಬಯಾಟಿಕ್ ಹಾಕಿಸಿರೋ ಹಸು ಹಾಲು ಡಾಕ್ಟರ್ ಹೇಳಿದ ದಿನ ಮುಗಿಯೋಕೆ ಮುಂಚೆ ಕ್ಯಾನಿಗೆ ಬಂದ್ರೆ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯಲ್ಲ, ಮೊಸರು ಸರಿಯಾಗಿ ಕೂರಲ್ಲ. ಕಾಯಿಸಿದ್ರೂ ಆ ಔಷಧಿ ಪೂರ್ತಿ ಹೋಗುತ್ತೆ ಅಂತ ನಂಬಿಕೊಂಡು ಕೂರೋಕಾಗಲ್ಲ. ಇಂಜೆಕ್ಷನ್ ಹಾಕ್ಸಿದೀನಿ, ಈ ಹಸು ಹಾಲು ಬೇರೆ ಇಟ್ಟಿದೀನಿ ಅಂತ ರೈತರೇ ಬಂದು ಹೇಳ್ಬೇಕು, ಹೇಳಿದ್ರೆ ಬೈತಾರೆ ಅನ್ನೋ ಭಯ ಇದ್ರೆ ಯಾರೂ ಹೇಳಲ್ಲ, ಸುಮ್ನೆ ಕ್ಯಾನಿಗೆ ಸುರೀತಾರೆ. ಕೊಟ್ಟಿಗೆಗೆ ಹೋಗಿ ಅವರ ಜೊತೆ ಟೆಸ್ಟ್ ಮಾಡಿದೋರಿಗೆ ಮಾತ್ರ ಅವರು ಇಂಥದ್ದನ್ನ ಬಾಯಿಬಿಟ್ಟು ಹೇಳೋದು, ಇದನ್ನ ನಾನು ಗ್ಯಾರಂಟಿ ಹೇಳ್ತೀನಿ.

ಮ್ಯಾನೇಜರ್ ಸಾರಿಗೆ ಇದನ್ನ ದಯವಿಟ್ಟು ತೋರ್ಸಿ, ಅವರ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಸೆಲೆಕ್ಟ್ ಆದ್ರೆ ಮೊದಲ ವಾರಾನೇ ನಿಮ್ಮ ಯಾವುದಾದ್ರೂ ಒಂದು ಸೊಸೈಟೀಲಿ ನಿಮ್ಮೆದುರಿಗೇ ಮಾಡಿ ತೋರಿಸ್ತೀನಿ, ಎಲ್ಲಿ ತೊಂದರೆ ಜಾಸ್ತಿ ಇದೆಯೋ ಅಲ್ಲಿಗೇ ಕಳಿಸಿ.

ನೀವು ಕೇಳಿದ್ದ ಡಿಪ್ಲೊಮಾ ಮಾರ್ಕ್ಸ್ ಕಾರ್ಡು, ಬೈಕ್ ಲೈಸೆನ್ಸ್ ಎರಡೂ ಸ್ಕ್ಯಾನ್ ಮಾಡಿ ಇದ್ರ ಜೊತೇಲೇ ಹಾಕಿದೀನಿ. ಇಲ್ಲಿ ಒಂದು ತಿಂಗಳು ಮುಂಚೆ ಹೇಳ್ಬೇಕು, ಸೆಕ್ರೆಟರಿ ಹತ್ರ ಮಾತಾಡಿದೀನಿ, ಬೇರೆ ಟೆಸ್ಟರ್ ಸಿಕ್ರೆ ಬೇಗಾನೂ ಬಿಡ್ತಾರಂತೆ. ಬೆಳಿಗ್ಗೆ ಒಂಬತ್ತರವರೆಗೆ ಹಾಲು ತಗೋತಿರ್ತೀನಿ, ಫೋನ್ ಎತ್ತಕ್ಕಾಗಲ್ಲ, ಆಮೇಲೆ ಯಾವಾಗ ಬೇಕಾದ್ರೂ ಮಾಡಿ ಮೇಡಂ.

ಇಂತಿ,
ಮಂಜುನಾಥ
ಅರಸೀಕೆರೆ