ಆಫ್ ಮಾಡಿದ ಮೇಲೆ ಏನಾಗುತ್ತದೆ ಅಂತ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಭಾಗಕ್ಕೆ ಅಣು ವಿದ್ಯುತ್ ಸ್ಥಾವರ ಬರುತ್ತದೆ ಎಂಬ ಸುದ್ದಿ ಬಂದಾಗಿನಿಂದ ನಿಮ್ಮ ಪತ್ರಿಕೆಯ ವಾಚಕರ ಪತ್ರಗಳನ್ನು ಒಂದೂ ಬಿಡದೆ ಓದುತ್ತಿದ್ದೇನೆ. ನಾನೂ ಬರೆಯಬೇಕು ಅನ್ನಿಸಿದ್ದು ಕಳೆದ ಸೋಮವಾರ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು, "ಮಿಸ್, ಅದು ಬಾಂಬ್ ಥರ ಸಿಡಿದ್ರೆ ನಾವೆಲ್ಲಾ ಒಂದೇ ಸಲ ಹೋಗ್ತೀವಾ?" ಅಂತ ಕೇಳಿದಳು. ಎರಡು ವಾರದ ಹಿಂದೆ ನಿಮ್ಮಲ್ಲಿ ಬಂದ ಒಂದು ಪತ್ರದಲ್ಲೂ ಇದೇ ಮಾತಿತ್ತು.

ಮೊದಲು ನನ್ನ ಕಡೆಯ ವಿಷಯ ಹೇಳಿಬಿಡುತ್ತೇನೆ. ಸ್ಥಾವರದವರಿಂದ ನನಗೆ ಒಂದು ಪೈಸೆಯೂ ಬರುವುದಿಲ್ಲ. ಜಾಗ ಗುರುತಿಸಿರುವ ಕಡೆಯಿಂದ ನಮ್ಮ ಮನೆ ಹನ್ನೊಂದು ಕಿಲೋಮೀಟರ್. ಹೆದರುವ ಹಕ್ಕು ನನಗೂ ಇದೆ.

ಬಾಂಬ್ ಥರ ಸಿಡಿಯುವುದಿಲ್ಲ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ನೂರಕ್ಕೆ 0.7 ಪಾಲು ಮಾತ್ರ. ಈಗಿನ ಹೆಚ್ಚಿನ ಸ್ಥಾವರಗಳಲ್ಲಿ ಅದನ್ನು ನೂರಕ್ಕೆ 3-5 ಪಾಲಿಗೆ ಏರಿಸುತ್ತಾರೆ. ಬಾಂಬಿಗೆ ಸುಮಾರು 90 ಬೇಕು. ಜೋಡಣೆಯೂ ಬೇರೆ. ಈ ಇಂಧನದಿಂದ ಬಾಂಬ್ ಸ್ಫೋಟ ಮಾಡಿಸುತ್ತೇನೆ ಅಂತ ಯಾರಾದರೂ ಹಟ ಹಿಡಿದರೂ ಆಗುವುದಿಲ್ಲ. ಹುಡುಗಿಗೆ ಇಷ್ಟು ಹೇಳಿದೆ. ಅವಳಿಗೆ ಸಮಾಧಾನ ಆಯಿತು. ನನಗೆ ಆಗಲಿಲ್ಲ. ಬಾಂಬ್ ಅಲ್ಲ ಅಂದ ಮಾತ್ರಕ್ಕೆ ಅಪಾಯವೇ ಇಲ್ಲ ಎಂದಲ್ಲವಲ್ಲ.

ಮರುದಿನ ತರಗತಿಗೆ ವಿಕಿರಣ ಅಳೆಯುವ ಗೈಗರ್ ಕೌಂಟರ್ ತಂದೆ. ಮೇಜಿನ ಮೇಲೆ ಸುಮ್ನೆ ಇಟ್ಟು ಆನ್ ಮಾಡಿದೆ. ಟಿಕ್... ಟಿಕ್ ಟಿಕ್... ಹತ್ತಿರ ಏನೂ ಇಲ್ಲದಿದ್ದರೂ ನಿಮಿಷಕ್ಕೆ ಇಪ್ಪತ್ತರ ಆಸುಪಾಸು ಸದ್ದು. ಹಿಂದಿನ ಬೆಂಚಿನವರು ನಿಜಕ್ಕೂ ಕುರ್ಚಿ ಹಿಂದೆ ಸರಿಸಿದರು! ಆಮೇಲೆ ಹಳೇ ಗ್ಯಾಸ್‌ಲೈಟಿನ ಮ್ಯಾಂಟಲ್ ಹತ್ತಿರ ತಂದೆ. ಅದರಲ್ಲಿ ವಿಕಿರಣ ಬಿಡುವ ಥೋರಿಯಂ ಇರುತ್ತದೆ. ಹುರಿಯುವ ಬಾಣಲೆಯ ಹಾಗೆ ಚಟಪಟ ಶುರುವಾಯಿತು. ಒಂದು ಮೊಳ ದೂರ ಸರಿಸಿದರೆ ಮತ್ತೆ ಮೊದಲಿನ ಟಿಕ್ ಟಿಕ್.

ಏನೂ ಇಲ್ಲದೆ ಬಂದ ಆ ಸದ್ದು ಎಲ್ಲಿಯದು? ನೆಲದಿಂದ, ಗಾಳಿಯಲ್ಲಿರುವ ರೇಡಾನ್ ಅನಿಲದಿಂದ, ಆಕಾಶದಿಂದ. ನಮ್ಮ ಮೈಯೂ ಇದರಿಂದ ಹೊರತಲ್ಲ. ದೊಡ್ಡವರ ದೇಹದಲ್ಲಿರುವ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 4,000 ಪರಮಾಣುಗಳು ವಿಕಿರಣ ಬಿಡುತ್ತಾ ಇರುತ್ತವೆ. ಇದೆಲ್ಲ ಸೇರಿ ಜಗತ್ತಿನಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ; ಮೈಗೆ ಬೀಳುವ ವಿಕಿರಣವನ್ನು ಅಳೆಯುವ ಮಾನ ಇದು. ಸರಿಯಾಗಿ ನಡೆಯುತ್ತಿರುವ ಸ್ಥಾವರದ ಪಕ್ಕದಲ್ಲಿದ್ದರೆ ಅದಕ್ಕೆ ಸೇರುವುದು ಸಾಮಾನ್ಯವಾಗಿ ಇದರ ನೂರನೇ ಒಂದು ಪಾಲಿಗಿಂತ ಕಡಿಮೆ. ಹೊಟ್ಟೆಯ ಸಿಟಿ ಸ್ಕ್ಯಾನ್ ಒಂದಕ್ಕೇ ಹತ್ತಿರಹತ್ತಿರ 8 ಮಿಲಿಸೀವರ್ಟ್ ಆಗುತ್ತದೆ. ದೊಡ್ಡ ಗೋಪುರದಿಂದ ಏಳುವ ಬಿಳಿ ಹೊಗೆಯ ಬಗ್ಗೆಯೂ ಒಬ್ಬರು ಬರೆದಿದ್ದರು. ಅದು ಹೊಗೆಯಲ್ಲ, ನೀರಿನ ಹಬೆ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. 2007ರಲ್ಲಿ ಜರ್ಮನಿಯ ಒಂದು ಅಧ್ಯಯನ ಪ್ರಕಟವಾಯಿತು. ಸ್ಥಾವರಗಳಿಂದ 5 ಕಿಲೋಮೀಟರ್ ಒಳಗಿನ ಪುಟ್ಟ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಅಲ್ಲಿನ ವಿಕಿರಣದ ಪ್ರಮಾಣ ಇದಕ್ಕೆ ಕಾರಣವಾಗಲು ತೀರಾ ಕಡಿಮೆ, ಬೇರೆ ಕಾರಣವೂ ಸಿಕ್ಕಿಲ್ಲ. ಹೀಗಾಗಿ ಇಲ್ಲಿನ ಮಕ್ಕಳ ಆರೋಗ್ಯದ ಲೆಕ್ಕವನ್ನು ಸ್ಥಾವರ ಕಟ್ಟುವ ಮೊದಲೇ ಬರೆದಿಡಬೇಕು. ಆಮೇಲೆ ಹೋಲಿಸಿ ನೋಡಲು ಏನಾದರೂ ಇರಬೇಕಲ್ಲ.

ನಾನು ನಿಜಕ್ಕೂ ಹೆದರುವುದು ಬೇರೆಯದಕ್ಕೆ. ಸ್ಥಾವರ ಆಫ್ ಆದ ಮೇಲಿನ ಬಿಸಿಗೆ.

ಒಲೆ ಆರಿಸಿದರೆ ಬೆಂಕಿ ಹೋಯಿತು, ಪಾತ್ರೆ ನಿಧಾನಕ್ಕೆ ತಣ್ಣಗಾಗುತ್ತದೆ. ರಿಯಾಕ್ಟರ್ ಹಾಗಲ್ಲ. ಅದು ತಿಪ್ಪೆಯ ಹಾಗೆ. ಯಾರೂ ಬೆಂಕಿ ಹಚ್ಚದಿದ್ದರೂ ಒಳಗೊಳಗೇ ಬಿಸಿ ಹುಟ್ಟುತ್ತಿರುತ್ತದೆ. ಒಡೆದ ಯುರೇನಿಯಂನ ಚೂರುಗಳು ತಮ್ಮ ಪಾಡಿಗೆ ಕೊಳೆಯುತ್ತಾ ಶಾಖ ಬಿಡುತ್ತವೆ. 1,000 ಮೆಗಾವಾಟ್ ವಿದ್ಯುತ್ ಕೊಡುವ ಸ್ಥಾವರದ ಒಳಗೆ ಸುಮಾರು 3,000 ಮೆಗಾವಾಟ್ ಶಾಖ ಹುಟ್ಟುತ್ತದೆ. ನಿಲ್ಲಿಸಿದ ಕ್ಷಣದಲ್ಲೂ ಅದರ ನೂರಕ್ಕೆ ಆರೇಳು ಪಾಲು ಉಳಿದಿರುತ್ತದೆ. ಒಂದು ದಿನ ಕಳೆದರೂ ನೂರಕ್ಕೆ ಅರ್ಧ ಪಾಲು, ಅಂದರೆ 15 ಮೆಗಾವಾಟ್. ನೀರು ಕಾಯಿಸುವ 1,500 ವಾಟಿನ ಹೀಟರುಗಳನ್ನು ಹತ್ತು ಸಾವಿರ ಒಟ್ಟಿಗೆ ಹಾಕಿದಷ್ಟು. ಅದನ್ನು ತಣಿಸಲು ಇಂಧನದ ಮೇಲೆ ನೀರು ಹರಿಯುತ್ತಲೇ ಇರಬೇಕು. ಬಹಳಷ್ಟು ಸ್ಥಾವರಗಳಲ್ಲಿ ನೀರು ಹರಿಸಲು ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ಸ್ಥಾವರದಲ್ಲಿ ಕೈಕೊಟ್ಟಿದ್ದು ಇದೇ. ಭೂಕಂಪ ಆದ ಕೂಡಲೇ ಓಡುತ್ತಿದ್ದ ರಿಯಾಕ್ಟರುಗಳು ತಾವಾಗಿಯೇ ನಿಂತವು. ಹೊರಗಿನ ಕರೆಂಟ್ ಹೋಯಿತು, ಡೀಸೆಲ್ ಜನರೇಟರುಗಳು ಶುರುವಾದವು. ಅಲ್ಲಿಯವರೆಗೆ ಎಲ್ಲ ಸರಿ. ಮುಕ್ಕಾಲು ಗಂಟೆ ದಾಟಿದ ಮೇಲೆ ಸುನಾಮಿ ಬಂತು. ಕೆಳಗಿನ ಅಂತಸ್ತಿನಲ್ಲಿದ್ದ ಜನರೇಟರುಗಳು ಮುಳುಗಿದವು. ಇಂಧನ ಕರಗಿತು, ಹೈಡ್ರೋಜನ್ ಹುಟ್ಟಿ ಕಟ್ಟಡಗಳು ಸಿಡಿದವು. ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರ ಇದ್ದ ಒನಗಾವಾ ಸ್ಥಾವರವನ್ನು ಹೆಚ್ಚು ಎತ್ತರದ ನೆಲದ ಮೇಲೆ ಕಟ್ಟಿದ್ದರು. ಅದು ಉಳಿಯಿತು. ಮನೆ ಕಳೆದುಕೊಂಡ ಜನ ಅದರೊಳಗೇ ಹೋಗಿ ತಂಗಿದರು. ಅದೇ ದೇಶ, ಅದೇ ಅಲೆ. ಜನರೇಟರ್ ಎಲ್ಲಿಟ್ಟಿದ್ದಾರೆ ಎಂಬುದು ಸಣ್ಣ ಪ್ರಶ್ನೆ ಅಲ್ಲ, ಅಲ್ವಾ?

ಫುಕುಶಿಮಾದಲ್ಲಿ ಜೀವ ಜಾಸ್ತಿ ಹೋಗಿದ್ದು ವಿಕಿರಣದಿಂದಲ್ಲ. ಜನರನ್ನು ಅವಸರವಸರವಾಗಿ ಎಬ್ಬಿಸಿದ್ದರಿಂದ. ಊರು ಬಿಟ್ಟ ಸಂಕಟದಲ್ಲಿ ತೀರಿಕೊಂಡವರು ಎರಡು ಸಾವಿರಕ್ಕೂ ಹೆಚ್ಚು, ಬಹುಪಾಲು ವಯಸ್ಸಾದವರು. ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರನ್ನು ಯಾವ ಗಾಡಿಯಲ್ಲಿ, ಎಲ್ಲಿಗೆ ಒಯ್ಯುತ್ತಾರೆ ಎಂದು ಇಲ್ಲೂ ಮೊದಲೇ ಬರೆದಿರಬೇಕು.

ಸ್ಥಾವರ ಬಂದರೆ ಮಕ್ಕಳು ಕುಡಿಯುವ ಹಾಲು ಕೆಡುತ್ತದೆ ಎಂದು ನಿಮ್ಮ ಪತ್ರಿಕೆಗೆ ಬರೆದ ತಾಯಿಗೆ: ನಿಮ್ಮ ಭಯಕ್ಕೆ ಕಾರಣ ಇದೆ. 1986ರಲ್ಲಿ ಚೆರ್ನೋಬಿಲ್ ಸ್ಥಾವರದ ಅಪಘಾತದಲ್ಲಿ ಹೊರಬಿದ್ದ, ವಿಕಿರಣ ಬಿಡುವ ಅಯೋಡಿನ್-131 ಹುಲ್ಲಿನ ಮೇಲೆ ಬಿತ್ತು, ಹಸು ತಿಂದಿತು, ಹಾಲು ಕುಡಿದ ಮಕ್ಕಳ ಥೈರಾಯ್ಡ್ ಸೇರಿತು. ಸಾವಿರಾರು ಮಕ್ಕಳಿಗೆ ಆಮೇಲೆ ಥೈರಾಯ್ಡ್ ಕ್ಯಾನ್ಸರ್ ಆಯಿತು. ಈ ಅಯೋಡಿನ್ ಎಂಟು ದಿನಕ್ಕೆ ಅರ್ಧ ಆಗುತ್ತದೆ. 80 ದಿನಕ್ಕೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ, ನಮ್ಮ ಮಕ್ಕಳೇ ಲೆಕ್ಕ ಹಾಕಿ ತೋರಿಸುತ್ತಾರೆ. ಎರಡು ಮೂರು ತಿಂಗಳು ಹಾಲು ತಡೆದಿದ್ದರೆ ಬಹುಪಾಲು ತಪ್ಪುತ್ತಿತ್ತು. ಆದರೆ ಜನರಿಗೆ ಹೇಳುವುದೇ ತಡವಾಯಿತು. ಅಲ್ಲಿನ ರಿಯಾಕ್ಟರಿನ ವಿನ್ಯಾಸದಲ್ಲೂ ದೋಷವಿತ್ತು, ಸುತ್ತಲೂ ಈಗಿನ ಹಾಗೆ ಗಟ್ಟಿ ಕಾಂಕ್ರೀಟ್ ಗುಮ್ಮಟ ಇರಲಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಆ ಮೌನ.

ಕಸದ ಮಾತು ಬಂದರೆ ಕಾಗದ ಸಾಲದು. ಒಂದು ದೊಡ್ಡ ರಿಯಾಕ್ಟರಿನಿಂದ ವರ್ಷಕ್ಕೆ 20-25 ಟನ್ ಬಳಸಿದ ಇಂಧನ ಬರುತ್ತದೆ. ಒಂದು ಕೋಣೆಯಲ್ಲಿ ಹಿಡಿಸುವಷ್ಟು ಜಾಗ, ಆದರೆ ಅದರಲ್ಲಿರುವ ಪ್ಲುಟೋನಿಯಂ ಅರ್ಧ ಆಗಲು 24,000 ವರ್ಷ ಬೇಕು. ಅದನ್ನು ಹೂಳಲು ಫಿನ್ಲೆಂಡಿನವರು 400 ಮೀಟರಿಗೂ ಆಳದ ಬಂಡೆಯಲ್ಲಿ ಸುರಂಗ ಕೊರೆದಿದ್ದಾರೆ. ಬಹಳಷ್ಟು ದೇಶಗಳಿಗೆ ಇನ್ನೂ ಅಂಥ ಜಾಗವೇ ಇಲ್ಲ. "ಸದ್ಯಕ್ಕೆ ಇಲ್ಲೇ ಇಡುತ್ತೇವೆ" ಎಂದರೆ ಸದ್ಯ ಅಂದರೆ ಎಷ್ಟು ವರ್ಷ ಅಂತ ಕೇಳಿ.

ಸ್ಥಾವರ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕಲ್ಲಿದ್ದಲಿನ ಹೊಗೆ ಪ್ರತಿ ವರ್ಷ ಸದ್ದಿಲ್ಲದೆ ಕೊಲ್ಲುತ್ತದೆ, ಅದರ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ. ಸರಿಯಾದ ಉತ್ತರ ಸಿಕ್ಕರೆ ನಾನು ಒಪ್ಪುವವಳೇ. ಮುಂದಿನ ತಿಂಗಳ ಸಾರ್ವಜನಿಕ ಸಭೆಯಲ್ಲಿ ನನ್ನ ಪ್ರಶ್ನೆ ಇಷ್ಟು. ಹೊರಗಿನ ಕರೆಂಟ್ ಹೋಗಿ, ಜನರೇಟರುಗಳೂ ನಿಂತರೆ, ಎಷ್ಟು ಗಂಟೆ ತಂಪಾಗಿಡಬಲ್ಲಿರಿ? ಮೇಲಿನ ತೊಟ್ಟಿಯಿಂದ ನೀರು ತಾನಾಗಿ ಇಳಿದು ಬರುವ ಹೊಸ ವಿನ್ಯಾಸಗಳಿವೆ, ಇದು ಅಂಥದ್ದಾ? ಜನರೇಟರುಗಳು ನೆಲದಿಂದ ಎಷ್ಟು ಎತ್ತರದಲ್ಲಿರುತ್ತವೆ? ಏನಾದರೂ ಆದರೆ ನಮಗೆ ಎಷ್ಟು ನಿಮಿಷದಲ್ಲಿ ತಿಳಿಸುತ್ತೀರಿ, ಯಾರು ತಿಳಿಸುತ್ತಾರೆ?

ಅವರು ಕೊಡುವ ಉತ್ತರವನ್ನು ದಯವಿಟ್ಟು ಪೂರ್ತಿ ಅಚ್ಚು ಹಾಕಿ. ಜಾಗ ಸಾಲದಿದ್ದರೆ ನನ್ನ ಈ ಪತ್ರವನ್ನು ಕತ್ತರಿಸಿ, ಅವರ ಅಂಕಿಗಳನ್ನಲ್ಲ.

ಇಂತಿ,
ಪ್ರೌಢಶಾಲೆಯ ಭೌತಶಾಸ್ತ್ರ ಶಿಕ್ಷಕಿ